ಯಾವ ಸ್ಕ್ರೂ ಎಲ್ಲಿಗೆ? ಮೊದಲ ಸಲ ಪಿಸಿ ಜೋಡಿಸುವವರಿಗೆ ಉಪಕರಣ ಮತ್ತು ಸ್ಕ್ರೂಗಳ ಮಾರ್ಗದರ್ಶಿ

ಪ್ರೊಸೆಸರ್ ಕೂರಿಸುವಾಗ ಎಲ್ಲರೂ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಾರೆ. ಹಾಗಾಗಿ ಅಲ್ಲಿ ತಪ್ಪಾಗುವುದು ಕಮ್ಮಿ. ನಾನು ನೋಡಿದ ಮಟ್ಟಿಗೆ ಹೊಸಬರು ಎಡವುವುದು ಕ್ಯಾಬಿನೆಟ್ ಜೊತೆ ಬರುವ ಚಿಕ್ಕ ಪ್ಲಾಸ್ಟಿಕ್ ಕವರಿನ ಹತ್ತಿರ. ಅದರೊಳಗೆ ಮೂರು ನಾಲ್ಕು ಬಗೆಯ ಸ್ಕ್ರೂಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಎಷ್ಟೋ ಸಲ ಮೇಲೆ ಚೀಟಿಯೂ ಇರುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ತಿರುಗಿಸುತ್ತಾರೆ. ಒಂದು ಸ್ಕ್ರೂ ಒಂದು ಸುತ್ತು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು ಎಷ್ಟು ತಿರುಗಿಸಿದರೂ ಬಿಗಿಯಾಗುವುದೇ ಇಲ್ಲ. ಅಷ್ಟರಲ್ಲಿ ಥ್ರೆಡ್ ಹಾಳಾಗಿರುತ್ತದೆ.

ಇದನ್ನು ತಪ್ಪಿಸಲು ಜೋಡಿಸುವ ಮೊದಲು ಅರ್ಧ ಗಂಟೆ ಕೊಟ್ಟರೆ ಸಾಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೇ ಹಂತ ಮುಗಿಯುವವರೆಗೆ ಮದರ್‌ಬೋರ್ಡನ್ನು ಅದರ ಡಬ್ಬಿಯಿಂದ ಹೊರಗೆ ತೆಗೆಯಲೇಬೇಡಿ.

## 1. ಮೊದಲು ಉಪಕರಣ ಹೊಂದಿಸಿಕೊಳ್ಳಿ

ನೂರು ಬಿಟ್‌ಗಳ ದೊಡ್ಡ ಸೆಟ್ ಬೇಕಾಗಿಲ್ಲ. ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್ ಮುಖ್ಯ. ಅದರ ತುದಿ ಪಿಎಚ್2 ಅಳತೆಯದಾಗಿರಬೇಕು. ಇದನ್ನು ಹಿಡಿಯ ಮೇಲೋ ಕಡ್ಡಿಯ ಮೇಲೋ ಬರೆದಿರುತ್ತಾರೆ. ಕ್ಯಾಬಿನೆಟ್‌ನ ಬಹುತೇಕ ಎಲ್ಲಾ ಸ್ಕ್ರೂಗಳಿಗೆ ಇದೇ ಆಗುತ್ತದೆ. ಕಡ್ಡಿ 15 ಸೆಂ.ಮೀ. ಉದ್ದವಿದ್ದರೆ ಒಳ್ಳೆಯದು. ಗಿಡ್ಡ ಸ್ಕ್ರೂಡ್ರೈವರ್ ಆದರೆ ಕೂಲರ್ ಪಕ್ಕದ ಸ್ಕ್ರೂ ತಲುಪಲು ಕೈ ಓರೆ ಮಾಡಬೇಕಾಗುತ್ತದೆ. ಓರೆಯಾದ ತುದಿ ಜಾರಿ ಬೋರ್ಡಿಗೆ ಗೀರು ಬೀಳುತ್ತದೆ.

ತುದಿಯಲ್ಲಿ ಅಯಸ್ಕಾಂತ ಇರುವುದನ್ನೇ ತೆಗೆದುಕೊಳ್ಳಿ. ಅಯಸ್ಕಾಂತ ತಾಗಿದರೆ ಡಿಸ್ಕ್ ಹಾಳಾಗುತ್ತದೆ ಎಂಬ ಭಯ ಹಲವರಿಗಿದೆ. ಸ್ಕ್ರೂಡ್ರೈವರ್ ತುದಿಯ ಅಷ್ಟು ಸಣ್ಣ ಸೆಳೆತದಿಂದ ಎಸ್‌ಎಸ್‌ಡಿಗೂ ಹಾರ್ಡ್ ಡಿಸ್ಕ್‌ಗೂ ಏನೂ ಆಗುವುದಿಲ್ಲ. ಅಯಸ್ಕಾಂತ ಇಲ್ಲದೆ ಬೋರ್ಡಿನ ಮೇಲೆ ಸ್ಕ್ರೂ ಬೀಳಿಸಿಕೊಳ್ಳುವುದೇ ನಿಜವಾದ ಅಪಾಯ.

ಎರಡನೆಯದು ಪಿಎಚ್1 ಸ್ಕ್ರೂಡ್ರೈವರ್. ಇದು ಎಂ.2 ಎಸ್‌ಎಸ್‌ಡಿಯ ಪುಟಾಣಿ ಸ್ಕ್ರೂಗೆ. ಪಿಎಚ್2 ತುದಿ ಆ ಸ್ಕ್ರೂನ ಗೀಟಿನೊಳಗೆ ಪೂರ್ತಿ ಇಳಿಯುವುದಿಲ್ಲ, ಮೇಲೆಯೇ ತಿರುಗಿ ತಲೆಯನ್ನು ಸವೆಸುತ್ತದೆ. ಕೆಲವು ಬೋರ್ಡುಗಳಲ್ಲಿ ಇನ್ನೂ ಚಿಕ್ಕ ತಲೆ ಇರುತ್ತದೆ, ಅಲ್ಲಿ ಪಿಎಚ್0 ಬೇಕಾಗಬಹುದು. ತುದಿ ಇಟ್ಟು ಸ್ವಲ್ಪ ಅಲುಗಾಡಿಸಿ ನೋಡಿ. ಆಟ ಇಲ್ಲದೆ ಕೂತರೆ ಅದೇ ಸರಿಯಾದ ಅಳತೆ.

ಮೂರನೆಯದನ್ನು ಹೆಚ್ಚಿನವರು ಕೊಳ್ಳುವುದಿಲ್ಲ, ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಅದು 5 ಮಿ.ಮೀ. ನಟ್ ಡ್ರೈವರ್. ಮದರ್‌ಬೋರ್ಡ್ ಕೂರುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳಿಗೆ ಆರು ಮೂಲೆ ಇರುತ್ತದೆ. ಸಾಮಾನ್ಯವಾಗಿ ಅವುಗಳ ಅಳತೆ 5 ಮಿ.ಮೀ. ಕೆಲವು ಕ್ಯಾಬಿನೆಟ್‌ಗಳ ಜೊತೆ ಇದಕ್ಕೇ ಒಂದು ಚಿಕ್ಕ ಟೋಪಿಯಂಥ ತುಂಡು ಬರುತ್ತದೆ. ಒಂದು ಕಡೆ ಆರು ಮೂಲೆಯ ತೂತು, ಇನ್ನೊಂದು ಕಡೆ ಸ್ಟಾರ್ ಗೀಟು. ಅದು ಏನೆಂದು ಗೊತ್ತಾಗದೆ ಎಷ್ಟೋ ಜನ ಎಸೆದುಬಿಡುತ್ತಾರೆ. ಎಸೆಯಬೇಡಿ.

ಇವುಗಳ ಜೊತೆ ಒಂದು ಚಿಮಟ ಅಥವಾ ಚೂಪು ಮೂತಿಯ ಇಕ್ಕಳ ಮತ್ತು ಮೊಬೈಲ್ ಟಾರ್ಚ್ ಇದ್ದರೆ ಸಾಕು. ಬ್ಯಾಟರಿ ಸ್ಕ್ರೂಡ್ರೈವರ್ ಬೇಡ. ಸ್ಕ್ರೂ ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಎಂಬುದು ಬೆರಳಿಗೆ ಗೊತ್ತಾಗಬೇಕು. ಯಂತ್ರ ತಿರುಗಿಸಿದರೆ ಅದು ಗೊತ್ತಾಗುವ ಹೊತ್ತಿಗೆ ಥ್ರೆಡ್ ಕಿತ್ತುಹೋಗಿರುತ್ತದೆ.

ಸ್ಕ್ರೂ ಬೇರ್ಪಡಿಸಿ ಇಡಲು ಅಡುಗೆಮನೆಯ ಒಗ್ಗರಣೆ ಡಬ್ಬಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಏಳು ಬಟ್ಟಲು, ಮೇಲೆ ಮುಚ್ಚಳ. ತೊಳೆದು ಪೂರ್ತಿ ಒಣಗಿಸಿ ಬಳಸಿ.

ಸ್ಥಾಯಿ ವಿದ್ಯುತ್ತಿನ ಬಗ್ಗೆ ಒಂದೇ ಮಾತು. ಭಾಗಗಳನ್ನು ಮುಟ್ಟುವ ಮೊದಲು, ಆಗಾಗ ನಡುವೆಯೂ, ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ಬೋರ್ಡನ್ನು ಅಂಚಿನಲ್ಲೇ ಹಿಡಿಯಿರಿ.

## 2. ಸ್ಕ್ರೂಗಳನ್ನು ಬೇರ್ಪಡಿಸಿ

ಕವರನ್ನು ಬಿಳಿ ಕಾಗದದ ಮೇಲೆ ಸುರಿಯಿರಿ. ಈಗ ಒಂದು ವಿಷಯ ನೆನಪಿಡಿ: ತಲೆ ನೋಡಿ ಸ್ಕ್ರೂ ಗುರುತಿಸಬೇಡಿ. ತಲೆ ಚಪ್ಪಟೆ, ಗುಂಡು, ಆರು ಮೂಲೆ, ಕಪ್ಪು, ಬೆಳ್ಳಿ ಹೇಗೆ ಬೇಕಾದರೂ ಇರಬಹುದು. ತಯಾರಕರು ಅದನ್ನು ಇಷ್ಟ ಬಂದ ಹಾಗೆ ಬದಲಿಸುತ್ತಾರೆ. ನಂಬಬೇಕಾದದ್ದು ಥ್ರೆಡ್ಡನ್ನು, ಅಂದರೆ ಮೈಮೇಲಿನ ಸುತ್ತುಗಳನ್ನು.

ಹೊಸಬರನ್ನು ಗೊಂದಲಕ್ಕೆ ಬೀಳಿಸುವುದು ಎರಡೇ ಸ್ಕ್ರೂ. ಒಂದರ ಹೆಸರು 6-32. ಇದು ಇಂಚಿನ ಲೆಕ್ಕದ್ದು. 32 ಅಂದರೆ ಒಂದು ಇಂಚಿಗೆ 32 ಸುತ್ತು. ಮೈ ಸುಮಾರು 3.5 ಮಿ.ಮೀ. ದಪ್ಪ. ಇನ್ನೊಂದು ಎಂ3. ಇದು ಮೆಟ್ರಿಕ್. ದಪ್ಪ 3 ಮಿ.ಮೀ., ಒಂದು ಸುತ್ತಿನಿಂದ ಇನ್ನೊಂದಕ್ಕೆ ಅರ್ಧ ಮಿ.ಮೀ. ಅಂತರ. ಬರೀ ಕಣ್ಣಿಗೆ ಅರ್ಧ ಮಿ.ಮೀ. ದಪ್ಪದ ವ್ಯತ್ಯಾಸ ಸುಲಭಕ್ಕೆ ಕಾಣುವುದಿಲ್ಲ. ಆದರೆ ಸುತ್ತುಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 5 ಮಿ.ಮೀ. ಉದ್ದದಲ್ಲಿ 6-32ಗೆ ಸುಮಾರು ಆರು ಸುತ್ತು, ಎಂ3ಗೆ ಹತ್ತು. ಮೊದಲನೆಯದು ಒರಟು, ಎರಡನೆಯದು ನಯ.

ಅನುಮಾನ ಬಂದರೆ ಎರಡು ಸ್ಕ್ರೂಗಳನ್ನು ಅಕ್ಕಪಕ್ಕ ಮೈಗೆ ಮೈ ತಾಗಿಸಿ ಬೆಳಕಿಗೆ ಹಿಡಿಯಿರಿ. ಒಂದೇ ಜಾತಿಯಾದರೆ ಒಂದರ ಹಲ್ಲು ಇನ್ನೊಂದರ ಗೀಟಿನಲ್ಲಿ ಕೂತು ನಡುವೆ ಬೆಳಕು ಬರುವುದಿಲ್ಲ. ಬೇರೆಯಾದರೆ ಹಲ್ಲುಗಳು ಹೊಂದುವುದೇ ಇಲ್ಲ, ಸಂದಿಯಲ್ಲಿ ಬೆಳಕು ಕಾಣುತ್ತದೆ. ಉಗುರನ್ನು ಮೈಮೇಲೆ ಎಳೆದರೂ ಗೊತ್ತಾಗುತ್ತದೆ. 6-32 ಕರಕರ ಎನ್ನುತ್ತದೆ. ಎಂ3 ಸಣ್ಣ ಅರದ ಹಾಗೆ ಸದ್ದು ಮಾಡುತ್ತದೆ.

ಅಳತೆಪಟ್ಟಿ ಬೇಕಾಗಿಲ್ಲ, ನಿಮ್ಮ ಹತ್ತಿರವೇ ಖಾತ್ರಿಯಾದ ಎರಡು ಮಾದರಿ ಇವೆ. ಪಿಸಿಗೆ ವಿದ್ಯುತ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಹಿಂಬದಿಯ ನಾಲ್ಕು ತೂತು 6-32. 2.5 ಇಂಚಿನ ಎಸ್‌ಎಸ್‌ಡಿಯ ತೂತು ಎಂ3. ಸ್ಕ್ರೂಡ್ರೈವರ್ ಮುಟ್ಟದೆ ಬರೀ ಬೆರಳಿನಿಂದ ಎರಡು ಸುತ್ತು ತಿರುಗಿಸಿ ನೋಡಿ. ಸಲೀಸಾಗಿ, ಅಲುಗಾಡದೆ ಹೋದರೆ ಅದೇ ಜಾತಿ.

ಇಲ್ಲಿ ಒಂದು ಎಚ್ಚರಿಕೆ. 6-32 ಎಂ3 ತೂತಿಗೆ ಹೋಗುವುದಿಲ್ಲ, ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಆ ತಪ್ಪು ಬೇಗ ಗೊತ್ತಾಗುತ್ತದೆ. ಆದರೆ ಎಂ3 ಸ್ಕ್ರೂ 6-32 ತೂತಿನೊಳಗೆ ಆರಾಮಾಗಿ ಹೋಗಿಬಿಡುತ್ತದೆ. ‘ಹೋಯ್ತಲ್ಲ, ಸರಿ ಇರಬೇಕು’ ಅಂದುಕೊಳ್ಳುತ್ತೇವೆ. ಅದು ಸರಿಯಲ್ಲ. ತಲೆ ಹಿಡಿದು ಅಲುಗಾಡಿಸಿದರೆ ಆಟ ಸಿಗುತ್ತದೆ, ಎಷ್ಟು ತಿರುಗಿಸಿದರೂ ಗಟ್ಟಿಯಾಗುವುದಿಲ್ಲ. ಒಳಗೆ ಹೋದದ್ದಷ್ಟೇ ಸಾಲದು, ಆಟ ಇಲ್ಲದೆ ಹೋಗಬೇಕು.

ಉಳಿದ ಎರಡರಲ್ಲಿ ಗೊಂದಲವಿಲ್ಲ. ಫ್ಯಾನ್ ಸ್ಕ್ರೂ ಎಲ್ಲಕ್ಕಿಂತ ದಪ್ಪ, ಚೂಪು ತುದಿ, ಮರದ ಸ್ಕ್ರೂ ತರಹ ದೂರ ದೂರದ ಸುತ್ತು. ಅದು ಫ್ಯಾನಿನ ಪ್ಲಾಸ್ಟಿಕ್ ತೂತಿನಲ್ಲಿ ತಾನೇ ಥ್ರೆಡ್ ಕೊರೆದುಕೊಂಡು ಹೋಗುತ್ತದೆ. ಇನ್ನು ಅಕ್ಕಿಕಾಳಿಗಿಂತ ಚಿಕ್ಕದಾಗಿ ಕಾಣುವ ಸ್ಕ್ರೂ ಎಂ2. ಅದು ಎಂ.2 ಎಸ್‌ಎಸ್‌ಡಿಗೆ. ಅದು ಕ್ಯಾಬಿನೆಟ್ ಕವರಿನಲ್ಲಿ ಇರುವುದಿಲ್ಲ. ಮದರ್‌ಬೋರ್ಡ್ ಡಬ್ಬಿಯ ಪುಟ್ಟ ಪೊಟ್ಟಣದಲ್ಲೋ ಬೋರ್ಡಿನ ಮೇಲೇ ಕೂರಿಸಿಯೋ ಇರುತ್ತದೆ. ಕೂಲರ್ ಜೊತೆ ಬಂದ ಸ್ಕ್ರೂಗಳನ್ನು ಈ ಗುಂಪಿಗೆ ಬೆರೆಸಲೇಬೇಡಿ. ಅವು ಅದರ ಡಬ್ಬಿಯಲ್ಲೇ ಇರಲಿ.

## 3. ಸ್ಟ್ಯಾಂಡ್‌ಆಫ್ ಎಣಿಸಿ, ಜಾಗ ನೋಡಿ

ಸ್ಟ್ಯಾಂಡ್‌ಆಫ್ ಅಂದರೆ ಮದರ್‌ಬೋರ್ಡನ್ನು ಕ್ಯಾಬಿನೆಟ್ ತಗಡಿನಿಂದ ಮೇಲೆತ್ತಿ ಹಿಡಿಯುವ ಚಿಕ್ಕ ಕಂಬ. ಬೋರ್ಡಿನ ಹಿಂದೆ ನೂರಾರು ಬೆಸುಗೆ ಚುಕ್ಕೆಗಳಿವೆ. ಅವು ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ತೂತು ಇರುವ ಕಡೆ ಕಂಬ ಇರಲೇಬೇಕು, ತೂತಿಲ್ಲದ ಕಡೆ ಇರಲೇಬಾರದು. ಎರಡನೆಯದು ಹೆಚ್ಚು ಅಪಾಯ.

ಪೂರ್ತಿ ಅಗಲದ ಎಟಿಎಕ್ಸ್ ಬೋರ್ಡಿಗೆ ಸಾಮಾನ್ಯವಾಗಿ ಒಂಬತ್ತು ತೂತು, ಮಿನಿ ಐಟಿಎಕ್ಸ್‌ಗೆ ನಾಲ್ಕು. ಮೈಕ್ರೋ ಎಟಿಎಕ್ಸ್‌ನಲ್ಲಿ ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ. ಆದ್ದರಿಂದ ಲೆಕ್ಕ ನಂಬಬೇಡಿ, ನಿಮ್ಮ ಬೋರ್ಡನ್ನೇ ನೋಡಿ. ಬೋರ್ಡನ್ನು ಒಂದು ಕಾಗದದ ಮೇಲೆ ಮೆಲ್ಲಗೆ ಇಟ್ಟು ತೂತುಗಳಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಕಾಗದವನ್ನು ಕ್ಯಾಬಿನೆಟ್ ಒಳಗೆ ಹಿಡಿದರೆ ಯಾವ ಕಂಬ ಬೇಕು, ಯಾವುದು ಬೇಡ ಎಂದು ತಕ್ಷಣ ತಿಳಿಯುತ್ತದೆ.

ಕೆಲವು ಕ್ಯಾಬಿನೆಟ್‌ಗಳಲ್ಲಿ ನಡುವಿನ ಒಂದು ಕಂಬಕ್ಕೆ ತೂತಿನ ಬದಲು ಮೊಳೆಯಂಥ ತುದಿ ಇರುತ್ತದೆ. ಅದು ಬೋರ್ಡನ್ನು ಜಾಗಕ್ಕೆ ತರಲು. ಅಲ್ಲಿಗೆ ಸ್ಕ್ರೂ ಬೇಡ.

ಹೋದ ವರ್ಷ ನನ್ನ ಅಕ್ಕನ ಮಗ ಫೋನ್ ಮಾಡಿದ. “ಮಾವ, ಪವರ್ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತೆ. ಎಸ್‌ಎಂಪಿಎಸ್ ಹೋಗಿದೆ ಅನ್ಸುತ್ತೆ. ಎಸ್.ಪಿ. ರಸ್ತೆಗೆ ಹೋಗಿ ಬದಲಾಯಿಸಿಕೊಂಡು ಬರ್ಲಾ?” ಸ್ವಲ್ಪ ತಡಿ ಅಂದೆ. ಅವನು ಹಳೆಯ ಮೈಕ್ರೋ ಎಟಿಎಕ್ಸ್ ಬೋರ್ಡ್ ತೆಗೆದು ಅದೇ ಕ್ಯಾಬಿನೆಟ್ಟಿಗೆ ಎಟಿಎಕ್ಸ್ ಬೋರ್ಡ್ ಹಾಕಿದ್ದ.

ಈ ಎರಡು ಬೋರ್ಡುಗಳಿಗೆ ಮೇಲಿನ ಎರಡು ಸಾಲಿನ ತೂತು ಒಂದೇ ಜಾಗದಲ್ಲಿರುತ್ತವೆ. ಕೆಳಗಿನ ಸಾಲು ಮಾತ್ರ ಬೇರೆ. ಎಟಿಎಕ್ಸ್ ಉದ್ದ ಜಾಸ್ತಿ, ಹಾಗಾಗಿ ಅದರ ಕೆಳಸಾಲು ಇನ್ನೂ ಕೆಳಗೆ ಬರುತ್ತದೆ. ಅಂದರೆ ಹಳೆಯ ಕೆಳಸಾಲಿನ ಮೂರು ಕಂಬಗಳನ್ನು ಕಿತ್ತು ಕೆಳಗಿಳಿಸಬೇಕಿತ್ತು. ಹುಡುಗ ಎರಡನ್ನು ಕಿತ್ತಿದ್ದ. ಮೂರನೆಯದು ಗಟ್ಟಿಯಾಗಿ ಕೂತಿತ್ತು, ಬೆರಳಿಗೆ ಬರಲಿಲ್ಲ. ನಟ್ ಡ್ರೈವರ್ ಇರಲಿಲ್ಲ. ‘ಇದ್ದರೆ ಇರಲಿ’ ಎಂದು ಬಿಟ್ಟು, ಬೇರೆ ಪೊಟ್ಟಣದಿಂದ ಒಂದು ಕಂಬ ತಂದು ಹೊಸ ಜಾಗಕ್ಕೆ ಹಾಕಿದ್ದ.

ನಾನು ಹೋಗಿ ಬೋರ್ಡ್ ಬಿಚ್ಚಿದಾಗ ಹಿಂಬದಿಯಲ್ಲಿ ಬೆಸುಗೆ ಚುಕ್ಕೆಗಳ ನಡುವೆ ಒಂದು ಚಿಕ್ಕ ಆರು ಮೂಲೆಯ ಗುರುತು ಬಿದ್ದಿತ್ತು. ಆ ಬಿಟ್ಟ ಕಂಬ ಅಲ್ಲೇ ಒತ್ತುತ್ತಿತ್ತು. ಶಾರ್ಟ್ ಆದ ತಕ್ಷಣ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತಿತ್ತು. ಇನ್ನೊಂದನ್ನೂ ನೋಡಿದೆವು. ಎಂಟು ಸ್ಕ್ರೂ ಗಟ್ಟಿಯಾಗಿದ್ದವು, ಒಂಬತ್ತನೆಯದು ಸುಮ್ನೆ ತಿರುಗುತ್ತಿತ್ತು. ಹಳೆಯ ಕಂಬಗಳ ತೂತು ಎಂ3, ಬೇರೆ ಪೊಟ್ಟಣದಿಂದ ತಂದದ್ದರ ತೂತು 6-32. ಎಲ್ಲದಕ್ಕೂ ಎಂ3 ಸ್ಕ್ರೂ ಹಾಕಿದ್ದ. ನಟ್ ಡ್ರೈವರ್‌ನಿಂದ ಆ ಹಳೆಯ ಕಂಬವನ್ನು ಕಿತ್ತು, ಹೊಸ ಕಂಬದ ಜಾಗಕ್ಕೆ ಹಾಕಿದೆವು. ಬೋರ್ಡಿಗೆ ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆ ಸಂಜೆಯೇ ಪರದೆ ಬೆಳಗಿತು.

ಅದಕ್ಕೇ ಹೇಳುವುದು, ಎರಡು ಪೊಟ್ಟಣಗಳ ಸ್ಟ್ಯಾಂಡ್‌ಆಫ್ ಬೆರೆಸಬೇಡಿ. ಬೆರೆಸಲೇಬೇಕಾದರೆ ಪ್ರತಿಯೊಂದರೊಳಗೂ ನಿಮ್ಮ ಸ್ಕ್ರೂ ಹಾಕಿ ಬೆರಳಿನಲ್ಲಿ ಪರೀಕ್ಷಿಸಿ. ಕಂಬಗಳನ್ನು ನಟ್ ಡ್ರೈವರ್‌ನಿಂದ ಗಟ್ಟಿಯಾಗಿ ಕೂರಿಸಿ. ಬೆರಳಿನಲ್ಲಷ್ಟೇ ತಿರುಗಿಸಿ ಬಿಟ್ಟರೆ, ಮುಂದೆ ಬೋರ್ಡ್ ಬಿಚ್ಚುವ ದಿನ ಸ್ಕ್ರೂ ಜೊತೆ ಕಂಬವೂ ತಿರುಗುತ್ತದೆ.

## 4. ಬೋರ್ಡ್ ಕೂರಿಸಿ, ಸ್ಕ್ರೂ ಬಿಗಿಯಿರಿ

ಹಿಂಬದಿಯ ಐಒ ತಗಡು, ಅಂದರೆ ಬೋರ್ಡಿನ ಪೋರ್ಟ್‌ಗಳ ಸುತ್ತ ಕೂರುವ ತಗಡು, ಬೇರೆಯಾಗಿ ಬಂದಿದ್ದರೆ ಮೊದಲು ಅದನ್ನು ಕ್ಯಾಬಿನೆಟ್ಟಿಗೆ ಒತ್ತಿ ಕೂರಿಸಿ. ಮರೆತರೆ ಎಲ್ಲಾ ಬಿಚ್ಚಬೇಕು. ಕ್ಯಾಬಿನೆಟ್ ಮಲಗಿಸಿ ಬೋರ್ಡನ್ನು ಇಳಿಸಿ. ಈಗ ಪ್ರತಿ ತೂತಿನ ಮೂಲಕ ಟಾರ್ಚ್ ಬಿಟ್ಟು ನೋಡಿ. ಒಳಗೆ ಹಿತ್ತಾಳೆಯ ಬಾಯಿ ನೇರವಾಗಿ ಕಾಣಬೇಕು.

ನಿಮ್ಮ ಕಂಬಗಳೊಳಗೆ ಆಟ ಇಲ್ಲದೆ ಹೋಗುವ ಸ್ಕ್ರೂವನ್ನು ತೂತಿನ ಮೇಲಿಟ್ಟು ಮೊದಲು ಉಲ್ಟಾ, ಎಡಕ್ಕೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ‘ಟಿಕ್’ ಎಂದು ಒಂಚೂರು ಕೆಳಗೆ ಬಿದ್ದ ಹಾಗಾಗುತ್ತದೆ. ಸ್ಕ್ರೂವಿನ ಥ್ರೆಡ್ ತೂತಿನ ಥ್ರೆಡ್ಡಿನ ಶುರುವಿಗೆ ಬಂದ ಗುರುತು ಅದು. ಅಲ್ಲಿಂದ ಬಲಕ್ಕೆ ತಿರುಗಿಸಿ. ಹೀಗೆ ಮಾಡಿದರೆ ಥ್ರೆಡ್ ಅಡ್ಡ ಹತ್ತುವುದಿಲ್ಲ.

ಎಲ್ಲಾ ಸ್ಕ್ರೂಗಳನ್ನೂ ಎರಡು ಮೂರು ಸುತ್ತಷ್ಟೇ ಹಾಕಿ ಬಿಡಿ. ಒಂದನ್ನೇ ಪೂರ್ತಿ ಬಿಗಿದರೆ ಬೋರ್ಡ್ ಒಂದು ಕಡೆಗೆ ಸರಿದು ಉಳಿದ ತೂತುಗಳು ಹೊಂದುವುದಿಲ್ಲ. ಎಲ್ಲವೂ ಕೂತ ಮೇಲೆ ನಡುವಿನಿಂದ ಶುರುಮಾಡಿ ಮೂಲೆಗಳ ಕಡೆಗೆ ಬಿಗಿಯಿರಿ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಹೆಬ್ಬೆರಳು ಮತ್ತು ಎರಡು ಬೆರಳು ಸಾಕು. ತಲೆ ಬೋರ್ಡಿಗೆ ತಾಗಿದ ಮೇಲೆ ಒಂದು ಸಣ್ಣ ನುಲಿ ಕೊಟ್ಟು ನಿಲ್ಲಿಸಿ.

ನಡುವೆ ಎಲ್ಲಾದರೂ ಬಿಗಿ ಬಂದರೆ, ಅಂದರೆ ತಲೆ ಇನ್ನೂ ಮೇಲಿರುವಾಗಲೇ ಕೈಗೆ ತಡೆ ಸಿಕ್ಕರೆ, ಒತ್ತಬೇಡಿ. ಸ್ಕ್ರೂ ಹೊರಗೆ ತೆಗೆದು ಮೈ ನೋಡಿ. ಹಿತ್ತಾಳೆಯ ಹೊಳೆಯುವ ಪುಡಿ ಅಂಟಿದ್ದರೆ ತಪ್ಪು ಸ್ಕ್ರೂ, ಅಥವಾ ಓರೆಯಾಗಿ ಹೋಗಿದೆ. ಆ ಪುಡಿ ಬೋರ್ಡಿನ ಮೇಲೆ ಬಿದ್ದಿದ್ದರೆ ಅದನ್ನೂ ತೆಗೆಯಿರಿ.

## 5. ಉಳಿದ ಭಾಗಗಳು

ಎಸ್‌ಎಂಪಿಎಸ್‌ಗೆ 6-32, ನಾಲ್ಕು. 3.5 ಇಂಚಿನ ಹಾರ್ಡ್ ಡಿಸ್ಕ್‌ಗೂ 6-32. ಗ್ರಾಫಿಕ್ಸ್ ಕಾರ್ಡ್ ಬಿಗಿಯುವ ಜಾಗದಲ್ಲೂ ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಅದೇ. ಅಲ್ಲಿ ಮುಚ್ಚಿದ್ದ ತಗಡು ಬಿಚ್ಚಿದಾಗ ಸಿಗುವ ಸ್ಕ್ರೂವನ್ನೇ ಮತ್ತೆ ಹಾಕಿ.

2.5 ಇಂಚಿನ ಎಸ್‌ಎಸ್‌ಡಿಗೆ ಎಂ3, ಅದೂ ಗಿಡ್ಡದು. ಡಿಸ್ಕಿನ ಒಳಗೆ ಹೋಗುವ ಭಾಗ 3 ಮಿ.ಮೀ. ಮೀರಬಾರದು. ಉದ್ದದ ಸ್ಕ್ರೂ ಒಳಗಿನ ಬೋರ್ಡಿಗೆ ಚುಚ್ಚಬಹುದು. ಟ್ರೇಯ ದಪ್ಪ ಕಳೆದು ಎಷ್ಟು ಉಳಿಯುತ್ತದೆ ಎಂದು ಪಕ್ಕದಲ್ಲಿ ಹಿಡಿದು ನೋಡಿ.

ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ಸ್ಲಾಟಿಗೆ ತೂರಿಸಿದರೆ ಹಿಂಭಾಗ ಮೇಲೆದ್ದು ನಿಲ್ಲುತ್ತದೆ. ಅದು ಹಾಗೇ ಇರಬೇಕು. ಬೆರಳಿನಲ್ಲಿ ಒತ್ತಿ ಹಿಡಿದು ಎಂ2 ಸ್ಕ್ರೂ ಹಾಕಿ, ತಾಗಿದ ತಕ್ಷಣ ನಿಲ್ಲಿಸಿ. ಅದರ ತಲೆ ಸವೆದರೆ ಬಿಚ್ಚುವುದು ಬಹಳ ಕಷ್ಟ. ಹೊಸ ಬೋರ್ಡುಗಳಲ್ಲಿ ಸ್ಕ್ರೂ ಬದಲು ತಿರುಗಿಸುವ ಪ್ಲಾಸ್ಟಿಕ್ ಕೊಕ್ಕೆ ಇರಬಹುದು, ಸುಮ್ನೆ ಸ್ಕ್ರೂ ಹುಡುಕುತ್ತಾ ಕೂರಬೇಡಿ. ಎಂ2 ಕಳೆದುಹೋದರೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಕೇಳಿ. ಹಳೆಯ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದವು ಅವರ ಹತ್ತಿರ ಇರುತ್ತವೆ.

ಫ್ಯಾನ್ ಸ್ಕ್ರೂ ಮೊದಲ ಸಲ ಗಟ್ಟಿಯಾಗಿಯೇ ಹೋಗುತ್ತದೆ. ತಡೆ ಸಿಕ್ಕರೆ ನಿಲ್ಲಿಸಿ ಎಂದ ಮಾತು ಇದಕ್ಕೊಂದಕ್ಕೆ ಅನ್ವಯಿಸುವುದಿಲ್ಲ. ನೇರವಾಗಿ ಹಿಡಿದು ಒತ್ತಿ ತಿರುಗಿಸಿ. ಆದರೆ ಇದೇ ಫ್ಯಾನನ್ನು ಲಿಕ್ವಿಡ್ ಕೂಲರ್‌ನ ರೇಡಿಯೇಟರಿಗೆ ಬಿಗಿಯುವಾಗ ಕೂಲರ್ ಜೊತೆ ಬಂದ ಸ್ಕ್ರೂ ಬಿಟ್ಟು ಬೇರೆಯದನ್ನು ಬಳಸಬೇಡಿ. ಒಂದೆರಡು ಮಿ.ಮೀ. ಉದ್ದ ಜಾಸ್ತಿಯಾದರೂ ನೀರಿನ ಕೊಳವೆಗೆ ತೂತು ಬೀಳಬಹುದು.

## 6. ಏನಾದರೂ ಕೆಟ್ಟರೆ

ಸ್ಕ್ರೂ ಬಿಚ್ಚುವಾಗ ಬರೀ ತಿರುಗುತ್ತಿದೆ, ಮೇಲೆ ಬರುತ್ತಿಲ್ಲ ಅಂದರೆ ಕೆಳಗಿನ ಕಂಬವೂ ಜೊತೆಗೇ ತಿರುಗುತ್ತಿದೆ ಎಂದರ್ಥ. ಉಳಿದ ಎಲ್ಲಾ ಸ್ಕ್ರೂ ತೆಗೆಯಿರಿ. ತಿರುಗಿಸುತ್ತಾ ಹೋದರೆ ಕಂಬವೇ ತಗಡಿನಿಂದ ಕಳಚಿ, ಬೋರ್ಡ್ ಜೊತೆ ಹೊರಗೆ ಬರುತ್ತದೆ. ಹೊರಗೆ ಬಂದ ಮೇಲೆ ಕಂಬವನ್ನು ಹಿಂದಿನಿಂದ ಇಕ್ಕಳದಲ್ಲಿ ಹಿಡಿದು ಸ್ಕ್ರೂ ಬಿಚ್ಚಿ. ಇಕ್ಕಳ ಬೋರ್ಡಿಗೆ ತಾಗದಿರಲಿ. ಆ ಕಂಬವನ್ನೂ ಸ್ಕ್ರೂವನ್ನೂ ಮತ್ತೆ ಬಳಸಬೇಡಿ.

ತಲೆಯ ಗೀಟು ಸವೆದು ಸ್ಕ್ರೂಡ್ರೈವರ್ ಜಾರುತ್ತಿದ್ದರೆ ತಕ್ಷಣ ನಿಲ್ಲಿಸಿ. ಅಗಲದ ರಬ್ಬರ್ ಬ್ಯಾಂಡಿನ ತುಂಡನ್ನು ತಲೆಯ ಮೇಲಿಟ್ಟು, ತುದಿಯನ್ನು ಗಟ್ಟಿಯಾಗಿ ಒತ್ತಿ, ನಿಧಾನವಾಗಿ ತಿರುಗಿಸಿ. ಎಷ್ಟೋ ಸಲ ಬಂದುಬಿಡುತ್ತದೆ.

ಒಳಗೆ ಸ್ಕ್ರೂ ಬಿದ್ದು ಕಾಣದಿದ್ದರೆ ಪವರ್ ಕೊಡಬೇಡಿ. ಅದು ಬೋರ್ಡಿನ ಹಿಂದೆ ಸೇರಿರಬಹುದು. ಪವರ್ ವೈರ್ ತೆಗೆದು, ಗ್ರಾಫಿಕ್ಸ್ ಕಾರ್ಡ್ ಭಾರದ್ದಾಗಿದ್ದರೆ ಅದನ್ನೂ ಬಿಚ್ಚಿ, ಕ್ಯಾಬಿನೆಟ್ಟನ್ನು ನಾಲ್ಕೂ ಕಡೆ ನಿಧಾನವಾಗಿ ವಾಲಿಸಿ ಸದ್ದು ಕೇಳಿ. ಸಿಗದಿದ್ದರೆ ಬೋರ್ಡ್ ಬಿಚ್ಚಿ ನೋಡಲೇಬೇಕು. ಇದಕ್ಕಾಗಿಯೇ ಎರಡನೇ ಹಂತದಲ್ಲಿ ಪ್ರತಿ ಬಟ್ಟಲಿನಲ್ಲಿ ಎಷ್ಟಿವೆ ಎಂದು ಬರೆದಿಟ್ಟುಕೊಂಡರೆ ಒಳ್ಳೆಯದು. ಒಂದು ಕಮ್ಮಿಯಾದರೆ ಆಗಲೇ ತಿಳಿಯುತ್ತದೆ.

ಕೆಲಸ ಮುಗಿದ ಮೇಲೆ ಉಳಿದವನ್ನು ಮತ್ತೆ ಒಂದೇ ಕವರಿಗೆ ತುಂಬಬೇಡಿ. ಎಂ3 ಒಂದು ಚಿಕ್ಕ ಕವರಿಗೆ, 6-32 ಇನ್ನೊಂದಕ್ಕೆ, ಉಳಿದ ಕಂಬಗಳು ಮತ್ತು ಆ ಟೋಪಿ ತುಂಡು ಮತ್ತೊಂದಕ್ಕೆ. ಮೇಲೆ ಹೆಸರು ಬರೆದು ಕ್ಯಾಬಿನೆಟ್ ಡಬ್ಬಿಯೊಳಗೆ ಟೇಪ್ ಹಾಕಿ ಅಂಟಿಸಿ. ಒಗ್ಗರಣೆ ಡಬ್ಬಿ ವಾಪಸ್ ಕೊಡುವ ಮೊದಲು ಬಟ್ಟಲುಗಳ ಕೆಳಗೂ ಒಮ್ಮೆ ನೋಡಿ. ಎಂ2 ಅಲ್ಲಿ ಅವಿತುಕೊಂಡಿದ್ದರೆ ಸಾಸಿವೆ ಜೊತೆ ಎಣ್ಣೆಗೆ ಬೀಳಬಹುದು.